ಹತ್ತು ಸಾವಿರ ಎಲ್ಲಿ ಹೋಯ್ತು? ಪವರ್ ಬ್ಯಾಂಕ್ ಹಿಂದಿನ ಸಣ್ಣ ಅಕ್ಷರಗಳ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಒಂದು ಹ್ಯಾಕಥಾನ್ ಫೈನಲ್‌ಗೆ ಅಂತ ಉತ್ತರ ಭಾರತದ ಒಂದು ಕಾಲೇಜಿಗೆ ಹೋಗಿದ್ವಿ. ನಮ್ಮಲ್ಲಿ ಮೂವರಿಗೆ ಅದೇ ಮೊದಲ ವಿಮಾನ ಪ್ರಯಾಣ. ವಾಪಸ್ ಬರುವಾಗ ಸೆಕ್ಯೂರಿಟಿ ಚೆಕ್‌ನಲ್ಲಿ ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್ ಎಲ್ಲಾ ಟ್ರೇಗೆ ಹಾಕಿದ್ವಿ. ಅಲ್ಲಿದ್ದ ಆಫೀಸರ್ ಪವರ್ ಬ್ಯಾಂಕ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ರು.

"ಇದರ ಕೆಪಾಸಿಟಿ ಎಷ್ಟು?"

"ಟ್ವೆಂಟಿ ಥೌಸಂಡ್ ಸರ್."

"ಎಲ್ಲಿ ಬರೆದಿದೆ ತೋರಿಸಿ."

ತೋರಿಸೋಕೆ ಅಲ್ಲಿ ಏನೂ ಇರಲಿಲ್ಲ. ಎರಡು ವರ್ಷದಿಂದ ಬ್ಯಾಗ್‌ನಲ್ಲಿ ರೂಮ್ ಕೀ, ಜ್ಯಾಮಿಟ್ರಿ ಬಾಕ್ಸ್ ಜೊತೆ ಉಜ್ಜಿ ಉಜ್ಜಿ ಹಿಂದಿನ ಅಕ್ಷರ ಎಲ್ಲಾ ಅಳಿಸಿ ಹೋಗಿತ್ತು. ಎಷ್ಟು ಕೇಳಿಕೊಂಡರೂ ಪ್ರಯೋಜನ ಆಗಲಿಲ್ಲ, ಅದನ್ನ ಅಲ್ಲೇ ಬಿಟ್ಟು ಬರಬೇಕಾಯ್ತು. ನಾಲ್ಕೂ ಬೋರ್ಡಿಂಗ್ ಪಾಸ್ ಇದ್ದ ಫೋನ್‌ನಲ್ಲಿ ಆಗ 9 ಪರ್ಸೆಂಟ್ ಚಾರ್ಜ್ ಇತ್ತು. ಹೇಗೋ ವಿಮಾನ ಹತ್ತಿದ್ವಿ. ಬೆಂಗಳೂರಲ್ಲಿ ಇಳಿದಾಗ ರಾತ್ರಿ ಹನ್ನೊಂದೂವರೆ, ಫೋನ್ ಸತ್ತಿತ್ತು. ಯುಪಿಐ ಇಲ್ಲದೆ, ಎಲ್ಲರ ಜೇಬಿನ ಚಿಲ್ಲರೆ ಸೇರಿಸಿ ಬಸ್ ಟಿಕೆಟ್ ತಗೊಂಡ್ವಿ.

ಬಸ್ಸಲ್ಲಿ ಕೂತಾಗ ಇನ್ನೊಂದು ವಿಷಯ ಚರ್ಚೆಗೆ ಬಂತು. ಆ ಪವರ್ ಬ್ಯಾಂಕ್ ಮೊದಲಿಂದಲೂ ನಮಗೆ ಮೋಸ ಮಾಡ್ತಿದೆ ಅನ್ನೋ ಅನುಮಾನ ಇತ್ತು. ಹೆಸರಿಗೆ 20000 ಎಂಎಎಚ್. ಫೋನ್ ಬ್ಯಾಟರಿ 5000 ಎಂಎಎಚ್. ಲೆಕ್ಕದ ಪ್ರಕಾರ ನಾಲ್ಕು ಸಲ ಫುಲ್ ಆಗಬೇಕು. ಆದರೆ ಎರಡು ಸಲ ಆಗುತ್ತಿದ್ದ ಹಾಗೇ ಅದರ ಲೈಟು ಮಿಣುಕೋಕೆ ಶುರು ಮಾಡ್ತಿತ್ತು. ಹಾಗಾದರೆ ಉಳಿದ ಹತ್ತು ಸಾವಿರ ಎಲ್ಲಿ ಹೋಯ್ತು?

ಹಾಸ್ಟೆಲ್‌ಗೆ ಬಂದ ಮೇಲೆ ಇದನ್ನ ಸರಿಯಾಗಿ ನೋಡೋಣ ಅಂತ ಹೊರಟ್ವಿ. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಚಾರ್ಜ್ ಯಾಕೆ ಕಮ್ಮಿ ಬರುತ್ತೆ ಅನ್ನೋದಕ್ಕೂ, ಸೆಕ್ಯೂರಿಟಿಯಲ್ಲಿ ಯಾಕೆ ತಡೆದರು ಅನ್ನೋದಕ್ಕೂ ಉತ್ತರ ಒಂದೇ ಸಂಖ್ಯೆಯಲ್ಲಿದೆ. ಅದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ಸಂಖ್ಯೆ ಅಲ್ಲ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರೋ ವ್ಯಾಟ್-ಅವರ್.

ಎಂಎಎಚ್ ಪೂರ್ತಿ ಕಥೆ ಹೇಳಲ್ಲ

ಎಂಎಎಚ್ ಅಂದ್ರೆ ಮಿಲಿ ಆಂಪಿಯರ್ ಅವರ್. ಇದು ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆ ಅಂತ ಹೇಳುತ್ತೆ, ಎಷ್ಟು ಎನರ್ಜಿ ಇದೆ ಅಂತ ಹೇಳಲ್ಲ. ಎನರ್ಜಿ ಬೇಕು ಅಂದ್ರೆ ಆ ಚಾರ್ಜ್ ಎಷ್ಟು ವೋಲ್ಟೇಜ್‌ನಲ್ಲಿ ಇದೆ ಅನ್ನೋದೂ ಗೊತ್ತಿರಬೇಕು. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಓದಿದ್ದೇ:

```
Wh = mAh × V ÷ 1000
```

ಪವರ್ ಬ್ಯಾಂಕ್ ಒಳಗಿರೋದು ಲಿಥಿಯಂ ಸೆಲ್. ಫುಲ್ ಇದ್ದಾಗ ಸುಮಾರು 4.2 ವೋಲ್ಟ್ ಇರುತ್ತೆ, ಖಾಲಿ ಆಗ್ತಾ ಆಗ್ತಾ 3 ವೋಲ್ಟ್ ಹತ್ತಿರ ಇಳಿಯುತ್ತೆ. ಸರಾಸರಿ ಅಂತ 3.7 ವೋಲ್ಟ್ ಹಿಡೀತಾರೆ. ಡಬ್ಬದ ಮೇಲಿನ 10000 ಅನ್ನೋದು ಈ 3.7 ವೋಲ್ಟ್‌ನಲ್ಲಿ, ಸೆಲ್ ಒಳಗಡೆ ಇರೋ ಚಾರ್ಜ್‌ನ ಲೆಕ್ಕ. ಆದರೆ ಯುಎಸ್‌ಬಿ ಪೋರ್ಟ್‌ನಿಂದ ಹೊರಗೆ ಬರಬೇಕಾದ್ದು 5 ವೋಲ್ಟ್. ಫಾಸ್ಟ್ ಚಾರ್ಜ್ ಆದರೆ 9 ವೋಲ್ಟ್ ಅಥವಾ ಇನ್ನೂ ಹೆಚ್ಚು. ಅದಕ್ಕೆ ಒಳಗೆ ಒಂದು ಬೂಸ್ಟ್ ಕನ್ವರ್ಟರ್ ಇರುತ್ತೆ, ಅದು ವೋಲ್ಟೇಜ್ ಏರಿಸುತ್ತೆ.

ಇದನ್ನ ಹಾಸ್ಟೆಲ್ ನೀರಿನ ಉದಾಹರಣೆಯಲ್ಲಿ ನೋಡೋಣ. 3.7 ಮೀಟರ್ ಎತ್ತರದಲ್ಲಿ 10 ಬಕೆಟ್ ನೀರಿದೆ ಅಂದುಕೊಳ್ಳಿ. ಆ ನೀರು ಕೆಳಗೆ ಬೀಳುವಾಗ ಸಿಗೋ ಎನರ್ಜಿಯಿಂದ ಬೇರೆ ನೀರನ್ನ 5 ಮೀಟರ್ ಎತ್ತರಕ್ಕೆ ಎತ್ತಬೇಕು. ಒಂದು ಹನಿಯಷ್ಟೂ ನಷ್ಟ ಆಗದೇ ಇದ್ದರೂ 7.4 ಬಕೆಟ್‌ಗಿಂತ ಹೆಚ್ಚು ಎತ್ತೋಕೆ ಆಗಲ್ಲ. ಎತ್ತರ ಹೆಚ್ಚಾದಷ್ಟೂ ಬಕೆಟ್ ಕಮ್ಮಿ. ಇಲ್ಲಿ ಎತ್ತರ ಅಂದ್ರೆ ವೋಲ್ಟೇಜ್, ಬಕೆಟ್ ಅಂದ್ರೆ ಎಂಎಎಚ್.

ಅಂದ್ರೆ 10000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಇರೋದು 37 ವ್ಯಾಟ್-ಅವರ್. ಅದನ್ನೇ 5 ವೋಲ್ಟ್‌ನಲ್ಲಿ ಹೇಳಿದ್ರೆ 7400 ಎಂಎಎಚ್. ಇಷ್ಟಕ್ಕೇ 2600 "ಕಾಣೆ" ಆಯ್ತು. ಆದರೆ ಇದರಲ್ಲಿ ಯಾವ ನಷ್ಟವೂ ಇಲ್ಲ, ಮೋಸವೂ ಇಲ್ಲ. ಅದೇ ಎನರ್ಜಿಯನ್ನ ಬೇರೆ ವೋಲ್ಟೇಜ್‌ನಲ್ಲಿ ಹೇಳಿದ್ವಿ ಅಷ್ಟೇ. ನಿಜವಾದ ನಷ್ಟ ಇದಾದ ಮೇಲೆ ಶುರು ಆಗುತ್ತೆ.

ಲ್ಯಾಬ್‌ನಲ್ಲಿ ಅಳೆದು ನೋಡಿದ್ವಿ

ಹಳೇ ಪವರ್ ಬ್ಯಾಂಕ್ ಅಂತೂ ಏರ್‌ಪೋರ್ಟ್‌ನಲ್ಲೇ ಉಳಿದಿತ್ತು. ರೂಮ್‌ಮೇಟ್ ಹೊಸದಾಗಿ ತಂದಿದ್ದ 10000 ಎಂಎಎಚ್‌ನದ್ದನ್ನ ಬೇಡಿ ತಗೊಂಡ್ವಿ. ಹಾಳು ಮಾಡಿದ್ರೆ ಹೊಸದು ಕೊಡಿಸ್ತೀವಿ ಅಂತ ಮಾತು ಕೊಟ್ಟ ಮೇಲೇ ಕೊಟ್ಟಿದ್ದು.

ಬೇಕಾಗಿದ್ದು ಎರಡೇ ವಸ್ತು. ಒಂದು ಯುಎಸ್‌ಬಿ ಮೀಟರ್. ಪವರ್ ಬ್ಯಾಂಕ್‌ಗೂ ಲೋಡ್‌ಗೂ ಮಧ್ಯೆ ಇದನ್ನ ಸಿಗಿಸಿದ್ರೆ ವೋಲ್ಟೇಜ್, ಕರೆಂಟ್, ಒಟ್ಟು ಎಂಎಎಚ್, ಒಟ್ಟು ವ್ಯಾಟ್-ಅವರ್ ಎಲ್ಲಾ ಸಣ್ಣ ಸ್ಕ್ರೀನ್‌ನಲ್ಲಿ ತೋರಿಸುತ್ತೆ. ಇನ್ನೊಂದು ಲೋಡ್. ಅದಕ್ಕೆ ಲ್ಯಾಬ್‌ನಲ್ಲಿದ್ದ 5 ಓಂ, 10 ವ್ಯಾಟ್‌ನ ಎರಡು ವೈರ್‌ವೌಂಡ್ ರೆಸಿಸ್ಟರ್ ತಗೊಂಡು ಪ್ಯಾರಲಲ್ ಆಗಿ ಜೋಡಿಸಿದ್ವಿ. ಒಟ್ಟು 2.5 ಓಂ, ಅಂದ್ರೆ 5 ವೋಲ್ಟ್‌ಗೆ ಸುಮಾರು 2 ಆಂಪಿಯರ್. ರೆಸಿಸ್ಟರ್ ಮುಟ್ಟಿದ್ರೆ ಕೈ ಸುಡೋಷ್ಟು ಬಿಸಿ ಆಗುತ್ತೆ, ಅದಕ್ಕೆ ಒಂದು ಟೈಲ್ಸ್ ತುಂಡಿನ ಮೇಲೆ ಇಟ್ಟು, ಮುಗಿಯೋವರೆಗೂ ಒಬ್ಬರು ಪಕ್ಕದಲ್ಲೇ ಕೂತಿದ್ವಿ. ನೀವು ಮಾಡೋದಾದ್ರೆ ಹಾಸಿಗೆ ಮೇಲೆ ಮಾತ್ರ ಬೇಡ.

ಪವರ್ ಬ್ಯಾಂಕ್ ಫುಲ್ ಚಾರ್ಜ್ ಮಾಡಿ, ಒಂದು ಗಂಟೆ ಹಾಗೇ ಬಿಟ್ಟು, ಮೀಟರ್ ಸೊನ್ನೆಗೆ ತಂದು ಶುರು ಮಾಡಿದ್ವಿ. 3 ಗಂಟೆ 10 ನಿಮಿಷ ಆದ ಮೇಲೆ ಪವರ್ ಬ್ಯಾಂಕ್ ತಾನಾಗೇ ಆಫ್ ಆಯ್ತು. ಮೀಟರ್‌ನಲ್ಲಿ 6260 ಎಂಎಎಚ್, 31 ವ್ಯಾಟ್-ಅವರ್.

ಮರುದಿನ ಅದೇ ಪವರ್ ಬ್ಯಾಂಕ್‌ಗೆ ಒಂದು ಪಿಡಿ ಟ್ರಿಗರ್ ಬೋರ್ಡ್ ಹಾಕಿ 9 ವೋಲ್ಟ್ ಕೊಡೋ ಹಾಗೆ ಮಾಡಿದ್ವಿ. ಈ ಸಲ ಅವೇ ರೆಸಿಸ್ಟರ್‌ಗಳನ್ನ ಸೀರೀಸ್‌ನಲ್ಲಿ ಹಾಕಿದ್ವಿ. ಕೊನೆಗೆ ಬಂದಿದ್ದು 3400 ಎಂಎಎಚ್. ನಮ್ಮ ರೂಮ್‌ಮೇಟ್ ಮುಖ ಆಗ ನೋಡಬೇಕಿತ್ತು. "ಒಂದೇ ದಿನಕ್ಕೆ ಅರ್ಧ ಮಾಡಿಟ್ರಲ್ಲೋ!" ಅಂದ. ಆದರೆ ಮೀಟರ್‌ನ ಇನ್ನೊಂದು ಮೂಲೆಯಲ್ಲಿ ವ್ಯಾಟ್-ಅವರ್ ನೋಡಿದ್ರೆ 30.4. ಅಂದ್ರೆ ಹೆಚ್ಚುಕಮ್ಮಿ ಮೊದಲಿನಷ್ಟೇ.

ಈ ಒಂದು ಪ್ರಯೋಗ ನಮಗೆ ಎಲ್ಲಾ ಬಿಡಿಸಿ ಹೇಳಿತು. ಒಂದೇ ಪವರ್ ಬ್ಯಾಂಕ್ ಎಂಎಎಚ್‌ನಲ್ಲಿ 10000 ಅಂತಾನೂ, 6260 ಅಂತಾನೂ, 3400 ಅಂತಾನೂ ಹೇಳಿಸಿಕೊಳ್ಳುತ್ತೆ, ಮೂರೂ ಸುಳ್ಳಲ್ಲ. ವ್ಯಾಟ್-ಅವರ್‌ನಲ್ಲಿ ಮಾತ್ರ ಅದು 37 ಇದ್ದಿದ್ದು 31 ಆಗಿ ಹೊರಗೆ ಬಂತು. ನಡುವೆ ಹೋದ 6 ವ್ಯಾಟ್-ಅವರ್ ನಿಜವಾದ ನಷ್ಟ. ಅದರಲ್ಲಿ ಹೆಚ್ಚಿನ ಪಾಲು ಬೂಸ್ಟ್ ಕನ್ವರ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಚಾರ್ಜ್ ಮಾಡುವಾಗ ಪವರ್ ಬ್ಯಾಂಕ್ ಬೆಚ್ಚಗಾಗೋದು ಅದಕ್ಕೇ. ಇನ್ನು ಸ್ವಲ್ಪ ಸೆಲ್‌ನ ಒಳಗಿನ ರೆಸಿಸ್ಟೆನ್ಸ್‌ನಲ್ಲಿ ಹೋಗುತ್ತೆ, ಸ್ವಲ್ಪ ಕೇಬಲ್‌ನಲ್ಲಿ. ಜೊತೆಗೆ ಸೆಲ್ ಹಾಳಾಗಬಾರದು ಅಂತ ಒಳಗಿನ ಪ್ರೊಟೆಕ್ಷನ್ ಸರ್ಕ್ಯೂಟ್ ಪೂರ್ತಿ ಖಾಲಿ ಆಗೋ ಮುಂಚೆಯೇ ಕಟ್ ಮಾಡಿಬಿಡುತ್ತೆ.

ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು 84 ಪರ್ಸೆಂಟ್. ಒಳ್ಳೇ ಪವರ್ ಬ್ಯಾಂಕ್‌ಗೆ ಇದು ಸಹಜ. ಆಮೇಲೆ ಅದರ ಹಿಂದೆ ತಿರುಗಿಸಿ ನೋಡಿದ್ರೆ ಕಂಪನಿಯವರೇ ಬರೆದಿದ್ರು:

```
Battery capacity: 10000mAh 3.7V 37Wh
Rated capacity: 6000mAh (5V 2A)
```

ಎರಡನೇ ಸಾಲು ನೋಡಿ. 10000 ಎಂಎಎಚ್ ಸೆಲ್ ಹಾಕಿದ್ದೀವಿ, ಆದರೆ 5 ವೋಲ್ಟ್ 2 ಆಂಪಿಯರ್‌ನಲ್ಲಿ ನಿಮ್ಮ ಕೈಗೆ ಸಿಗೋದು 6000 ಅಂತ ಅವರೇ ಒಪ್ಪಿಕೊಂಡಿದ್ದಾರೆ. ನಾವು ಮೂರು ಗಂಟೆ ಕೂತು ಅಳೆದಿದ್ದು ಅಲ್ಲೇ ಬರೆದಿತ್ತು! ಅಂಗಡಿಯಲ್ಲಿ ಪವರ್ ಬ್ಯಾಂಕ್ ತಗೊಳ್ಳುವಾಗ ಈ ಸಾಲು ಹುಡುಕಿ. ಅದರಲ್ಲಿ ವೋಲ್ಟೇಜ್, ಕರೆಂಟ್ ಎರಡೂ ಬರೆದಿದ್ರೆ ಆ ಕಂಪನಿ ಅಳೆದು ಬರೆದಿದೆ ಅಂತ ಸ್ವಲ್ಪ ನಂಬಬಹುದು. ಬರೀ 10000 ಅಂತ ಇದ್ದು ಬೇರೇನೂ ಇಲ್ಲ ಅಂದ್ರೆ ವಾಪಸ್ ಇಡಿ.

ಫೋನ್ ಒಳಗೆ ಹೋಗೋದು ಎಷ್ಟು?

ಕಥೆ ಇನ್ನೂ ಮುಗಿದಿಲ್ಲ. ಪವರ್ ಬ್ಯಾಂಕ್ 3.7 ರಿಂದ 5 ಅಥವಾ 9 ಕ್ಕೆ ಏರಿಸಿ ಕಳಿಸಿದ ವೋಲ್ಟೇಜನ್ನ ಫೋನ್ ಮತ್ತೆ ತನ್ನ ಬ್ಯಾಟರಿಗೆ ತಕ್ಕ ಹಾಗೆ ಇಳಿಸಬೇಕು. ಅಲ್ಲೂ ನಷ್ಟ. ಚಾರ್ಜ್ ಆಗುವಾಗ ಫೋನ್ ಆನ್ ಇದ್ದರೆ, ನಾವು ರೀಲ್ಸ್ ನೋಡ್ತಾ ಇದ್ದರೆ, ಬಂದಿದ್ದರಲ್ಲಿ ಒಂದು ಪಾಲು ಬ್ಯಾಟರಿಗೆ ಹೋಗದೆ ಅಲ್ಲೇ ಖರ್ಚಾಗುತ್ತೆ.

ನಮ್ಮ ಫೋನ್ ಬ್ಯಾಟರಿ 5000 ಎಂಎಎಚ್, 3.87 ವೋಲ್ಟ್, ಅಂದ್ರೆ 19.35 ವ್ಯಾಟ್-ಅವರ್. ಅದನ್ನ ಮುಟ್ಟದೆ ಸುಮ್ಮನೆ ಇಟ್ಟು 10 ರಿಂದ 90 ಪರ್ಸೆಂಟ್‌ವರೆಗೆ ಚಾರ್ಜ್ ಮಾಡಿದಾಗ ಮೀಟರ್ 18 ವ್ಯಾಟ್-ಅವರ್ ತೋರಿಸ್ತು. ಬ್ಯಾಟರಿಗೆ ಸೇರಿದ್ದು 80 ಪರ್ಸೆಂಟ್, ಸುಮಾರು 15.5. ಅಂದ್ರೆ ಇಲ್ಲಿ ಉಳಿದಿದ್ದು 86 ಪರ್ಸೆಂಟ್. ಈ ಲೆಕ್ಕದಲ್ಲಿ ಸೊನ್ನೆಯಿಂದ ನೂರಕ್ಕೆ ಸುಮಾರು 22.5 ವ್ಯಾಟ್-ಅವರ್ ಬೇಕು. ಪವರ್ ಬ್ಯಾಂಕ್ ಕೊಡೋದು 31. ಭಾಗಿಸಿದ್ರೆ 1.4 ಕ್ಕಿಂತ ಸ್ವಲ್ಪ ಕಮ್ಮಿ. "ಎರಡು ಸಲ ಫುಲ್" ಅಂದುಕೊಂಡಿದ್ದು ನಿಜದಲ್ಲಿ ಒಂದು ಸಲ ಫುಲ್, ಇನ್ನೊಂದು ಸಲ ಮೂರನೇ ಒಂದು ಪಾಲು.

ಎರಡೂ ನಷ್ಟ ಸೇರಿಸಿದ್ರೆ ಹಿಂದೆ ಬರೆದಿರೋ ವ್ಯಾಟ್-ಅವರ್‌ನಲ್ಲಿ ಹತ್ತಿರ ಹತ್ತಿರ 70 ಪರ್ಸೆಂಟ್ ಫೋನ್ ಬ್ಯಾಟರಿಗೆ ಸೇರುತ್ತೆ. ಇದನ್ನೇ ಒಂದು ಸೂತ್ರ ಮಾಡಿಕೊಂಡ್ವಿ:

```
ಎಷ್ಟು ಸಲ = (ಪವರ್ ಬ್ಯಾಂಕ್ Wh × 0.7) ÷ ಫೋನ್ Wh
```

ಈಗ ಆ ಹಳೇ 20000 ಎಂಎಎಚ್‌ಗೆ ಹಾಕಿ ನೋಡೋಣ. 74 ವ್ಯಾಟ್-ಅವರ್, ಅದರ 70 ಪರ್ಸೆಂಟ್ ಅಂದ್ರೆ 51.8. ಅದನ್ನ 19.35 ರಿಂದ ಭಾಗಿಸಿದ್ರೆ 2.7 ಸಲ. ಅದೂ ಹೊಸದಾಗಿದ್ದಾಗ. ಎರಡು ವರ್ಷ ದಿನಾ ಬಳಸಿದ ಮೇಲೆ ಸೆಲ್‌ನ ಕೆಪಾಸಿಟಿ 80 ಪರ್ಸೆಂಟ್‌ಗೆ ಇಳಿದಿದೆ ಅಂತ ಇಟ್ಟುಕೊಂಡ್ರೆ ಎರಡು ಸಲಕ್ಕಿಂತ ಸ್ವಲ್ಪ ಹೆಚ್ಚು. ಪಾಪ, ಅದು ನಮಗೆ ಮೋಸ ಮಾಡಿರಲೇ ಇಲ್ಲ. ಲೆಕ್ಕ ತಪ್ಪು ಹಾಕಿದ್ದು ನಾವು.

ವೈರ್‌ಲೆಸ್ ಆಗಿ ಫೋನ್ ಹಿಂದೆ ಅಂಟಿಕೊಳ್ಳೋ ಪವರ್ ಬ್ಯಾಂಕ್‌ಗೆ ಈ 0.7 ಹಾಕಬೇಡಿ. ಅದರಲ್ಲಿ ಕಾಯಿಲ್‌ನಿಂದ ಕಾಯಿಲ್‌ಗೆ ಹೋಗುವಾಗ ಇನ್ನಷ್ಟು ಬಿಸಿಯಾಗಿ ಹೋಗುತ್ತೆ. ಟ್ರಿಪ್‌ಗೆ ಹೋದಾಗ ಒಂದೊಂದು ಪರ್ಸೆಂಟ್ ಮುಖ್ಯ ಅಂದ್ರೆ ಕೇಬಲ್ಲೇ ಒಳ್ಳೇದು.

ವಿಮಾನದವರು ಯಾಕೆ ವ್ಯಾಟ್-ಅವರ್ ಕೇಳ್ತಾರೆ?

ಲಿಥಿಯಂ ಸೆಲ್ ಒಳಗೆ ಶಾರ್ಟ್ ಆದ್ರೆ ಅದು ತಾನೇ ಬಿಸಿಯಾಗುತ್ತೆ, ಆ ಬಿಸಿಗೆ ಒಳಗಿನ ಕೆಮಿಕಲ್ ರಿಯಾಕ್ಷನ್ ಇನ್ನೂ ಜೋರಾಗುತ್ತೆ, ಅದರಿಂದ ಇನ್ನೂ ಬಿಸಿ. ಇದಕ್ಕೆ ಥರ್ಮಲ್ ರನ್‌ಅವೇ ಅಂತಾರೆ. ಒಂದು ಸೆಲ್ ಹತ್ತಿಕೊಂಡ್ರೆ ಪಕ್ಕದ ಸೆಲ್‌ಗೂ ಹರಡುತ್ತೆ. ಆಗ ಎಷ್ಟು ದೊಡ್ಡ ಬೆಂಕಿ ಆಗಬಹುದು ಅನ್ನೋದು ಒಳಗೆ ಎಷ್ಟು ಎನರ್ಜಿ ಇದೆ ಅನ್ನೋದರ ಮೇಲೆ ನಿಂತಿದೆ. ಎನರ್ಜಿ ಅಂದ್ರೆ ವ್ಯಾಟ್-ಅವರ್. ಅದಕ್ಕೇ ವಿಮಾನದ ನಿಯಮದಲ್ಲಿ ಎಂಎಎಚ್ ಲೆಕ್ಕ ಇಲ್ಲ.

ಅಂತರರಾಷ್ಟ್ರೀಯವಾಗಿ ನಡೆದು ಬಂದಿರೋ ನಿಯಮ ಹೀಗಿದೆ. 100 ವ್ಯಾಟ್-ಅವರ್‌ವರೆಗೆ ಆದರೆ ಹ್ಯಾಂಡ್ ಬ್ಯಾಗ್‌ನಲ್ಲಿ ಒಯ್ಯಬಹುದು. 100 ರಿಂದ 160 ರ ಮಧ್ಯೆ ಇದ್ರೆ ಏರ್‌ಲೈನ್ ಅನುಮತಿ ಬೇಕು, ಅದೂ ಎರಡಕ್ಕಿಂತ ಹೆಚ್ಚು ಇಲ್ಲ. 160 ದಾಟಿದ್ರೆ ಪ್ರಯಾಣಿಕರು ಒಯ್ಯೋ ಹಾಗೇ ಇಲ್ಲ. ಎಷ್ಟೇ ಚಿಕ್ಕದಾಗಿದ್ರೂ ಚೆಕ್-ಇನ್ ಲಗೇಜ್‌ನಲ್ಲಿ ಮಾತ್ರ ಇಡೋ ಹಾಗಿಲ್ಲ. ಕ್ಯಾಬಿನ್‌ನಲ್ಲಿ ಹೊಗೆ ಬಂದ್ರೆ ಯಾರಾದ್ರೂ ನೋಡ್ತಾರೆ, ಸಿಬ್ಬಂದಿ ಬಂದು ಆರಿಸಿ ನೀರು ಹಾಕಿ ತಣ್ಣಗೆ ಮಾಡ್ತಾರೆ. ಕೆಳಗೆ ಕಾರ್ಗೋದಲ್ಲಿ ಸೂಟ್‌ಕೇಸ್ ಒಳಗೆ ಹತ್ತಿಕೊಂಡ್ರೆ ಹಾರಾಟದ ಮಧ್ಯೆ ಅಲ್ಲಿಗೆ ಹೋಗಿ ಆರಿಸೋರು ಯಾರು?

ಇದನ್ನ ನಮ್ಮ ಪವರ್ ಬ್ಯಾಂಕ್‌ಗಳಿಗೆ ಹೊಂದಿಸಿದ್ರೆ:

- 10000 ಎಂಎಎಚ್: 37 ವ್ಯಾಟ್-ಅವರ್, ತೊಂದರೆ ಇಲ್ಲ
- 20000 ಎಂಎಎಚ್: 74 ವ್ಯಾಟ್-ಅವರ್, ತೊಂದರೆ ಇಲ್ಲ
- 27000 ಎಂಎಎಚ್: 99.9 ವ್ಯಾಟ್-ಅವರ್, ಗಡಿಯಲ್ಲಿದೆ
- 30000 ಎಂಎಎಚ್: 111 ವ್ಯಾಟ್-ಅವರ್, ಅನುಮತಿ ಬೇಕು
- 50000 ಎಂಎಎಚ್: 185 ವ್ಯಾಟ್-ಅವರ್, ಒಯ್ಯೋ ಹಾಗಿಲ್ಲ

27000 ಹತ್ತಿರ ಬಂದು ನಿಲ್ಲೋ ಪವರ್ ಬ್ಯಾಂಕ್ ಮಾರ್ಕೆಟ್‌ನಲ್ಲಿ ಯಾಕಿವೆ ಅನ್ನೋದು ಈಗ ಗೊತ್ತಾಯ್ತಲ್ಲ, 100 ರ ಗೆರೆ ದಾಟಬಾರದು ಅಂತ. ಒಂದು ಎಚ್ಚರ: ಕೆಲವು ಸೆಲ್‌ಗಳ ಸರಾಸರಿ ವೋಲ್ಟೇಜ್ 3.6 ಇರುತ್ತೆ, ಕೆಲವದ್ದು 3.85. ಆದ್ದರಿಂದ ನಾವು ಗುಣಿಸಿ ಹೇಳೋ ಲೆಕ್ಕಕ್ಕಿಂತ ಲೇಬಲ್‌ನಲ್ಲಿ ಅಚ್ಚಾಗಿರೋ ವ್ಯಾಟ್-ಅವರ್‌ಗೇ ಬೆಲೆ. ಅಚ್ಚು ಕಾಣಿಸದಿದ್ರೆ ಆಫೀಸರ್‌ಗೆ ಅದು 74 ಅಂತ ಗೊತ್ತಾಗೋದು ಹೇಗೆ? ಅವತ್ತು ಸಿಟ್ಟು ಬಂದಿತ್ತು. ಈಗ ಯೋಚಿಸಿದ್ರೆ ಅವರು ಮಾಡಿದ್ದು ಸರಿ.

2025 ರಲ್ಲಿ ಈ ವಿಷಯ ಇನ್ನೂ ಬಿಗಿ ಆಯ್ತು. ಆ ವರ್ಷ ಜನವರಿ 28 ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏರ್ ಬುಸಾನ್‌ನ ವಿಮಾನವೊಂದು ಟೇಕಾಫ್‌ಗೆ ಮುಂಚೆ ನೆಲದ ಮೇಲೇ ಸುಟ್ಟುಹೋಯ್ತು. ಒಳಗಿದ್ದ 176 ಜನರೂ ಹೊರಗೆ ಬಂದು ಬದುಕಿದ್ರು. ಬೆಂಕಿ ಶುರುವಾಗಿದ್ದು ತಲೆ ಮೇಲಿನ ಲಗೇಜ್ ಬಿನ್‌ನಲ್ಲಿ. ಪವರ್ ಬ್ಯಾಂಕ್ ಒಳಗಿನ ಇನ್ಸುಲೇಷನ್ ಹಾಳಾಗಿ ಹೀಗಾಗಿರಬಹುದು ಅಂತ ತನಿಖೆಯವರು ಹೇಳಿದ್ರು. ಆಮೇಲೆ ಕೊರಿಯಾದಲ್ಲಿ ಪವರ್ ಬ್ಯಾಂಕನ್ನ ಬಿನ್‌ನಲ್ಲಿ ಇಡೋದು ನಿಂತಿತು. ಸಿಂಗಾಪುರ್ ಏರ್‌ಲೈನ್ಸ್ ಏಪ್ರಿಲ್‌ನಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸೋದನ್ನ ನಿಲ್ಲಿಸ್ತು. ಎಮಿರೇಟ್ಸ್ ಅಕ್ಟೋಬರ್‌ನಿಂದ ಒಬ್ಬರಿಗೆ ಒಂದೇ, ಅದೂ 100 ವ್ಯಾಟ್-ಅವರ್ ಒಳಗೆ, ಅದನ್ನೂ ಬಳಸೋ ಹಾಗಿಲ್ಲ ಅಂತು. ನಮ್ಮ ಡಿಜಿಸಿಎ ಕೂಡ ವಿಮಾನದಲ್ಲಿ ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡಬಾರದು, ತಲೆ ಮೇಲಿನ ಬಿನ್‌ನಲ್ಲಿ ಇಡಬಾರದು ಅಂತ ಸೂಚನೆ ಕೊಟ್ಟಿದೆ. ಹಾಗಾಗಿ ಅದನ್ನ ಸೀಟ್ ಕೆಳಗಿನ ಬ್ಯಾಗ್‌ನಲ್ಲೋ, ಮುಂದಿನ ಪಾಕೆಟ್‌ನಲ್ಲೋ, ಕಣ್ಣಿಗೆ ಬೀಳೋ ಹಾಗೆ ಇಟ್ಕೊಳ್ಳಿ. ಫೋನನ್ನ ವಿಮಾನ ಹತ್ತೋ ಮುಂಚೆಯೇ ಚಾರ್ಜ್ ಮಾಡಿಕೊಳ್ಳಿ. ಏರ್‌ಲೈನ್‌ಗಳ ನಿಯಮ ಬದಲಾಗ್ತಾ ಇರುತ್ತೆ, ಟಿಕೆಟ್ ಬುಕ್ ಮಾಡಿದ ದಿನವೇ ಅವರ ಬ್ಯಾಗೇಜ್ ಪೇಜ್ ಒಮ್ಮೆ ನೋಡಿಬಿಡಿ.

ಸುಳ್ಳು ಹೇಳೋ ಪವರ್ ಬ್ಯಾಂಕ್

ಕೆಲವು ಕಡೆ 600 ರೂಪಾಯಿಗೆ 50000 ಎಂಎಎಚ್ ಅಂತ ಮಾರ್ತಾರೆ. ಇದನ್ನ ಹಿಡಿಯೋಕೆ ಮೀಟರ್ ಬೇಡ, ಕಿರಾಣಿ ಅಂಗಡಿ ತಕ್ಕಡಿ ಸಾಕು. ಒಂದು ಕೆಜಿ ಲಿಥಿಯಂ ಸೆಲ್‌ನಲ್ಲಿ ತುಂಬೋದು ಹೆಚ್ಚೆಂದ್ರೆ ಸುಮಾರು 250 ವ್ಯಾಟ್-ಅವರ್. 10 ವ್ಯಾಟ್-ಅವರ್‌ನ ಒಂದು 18650 ಸೆಲ್ ಹೆಚ್ಚುಕಮ್ಮಿ 45 ರಿಂದ 48 ಗ್ರಾಂ ತೂಗುತ್ತೆ. ಅಂದ್ರೆ ನಿಜವಾದ 50000 ಎಂಎಎಚ್‌ಗೆ, ಅಂದ್ರೆ 185 ವ್ಯಾಟ್-ಅವರ್‌ಗೆ, ಬರೀ ಸೆಲ್‌ಗಳೇ ಮುಕ್ಕಾಲು ಕೆಜಿ ದಾಟಬೇಕು. ಅದರ ಮೇಲೆ ಕವರ್, ಬೋರ್ಡ್. ಕೈಗೆ ತಗೊಂಡ್ರೆ ಒಂದು ಲೀಟರ್ ನೀರಿನ ಬಾಟಲಿಯ ಹತ್ತಿರ ಇರಬೇಕು. ಅದು ಬರೀ 300 ಗ್ರಾಂ ಇದ್ರೆ ಏನು ಅಂತ ನೀವೇ ಹೇಳಿ. ಇದೇ ರೀತಿ 10000 ಎಂಎಎಚ್‌ನದ್ದು ಸಾಮಾನ್ಯವಾಗಿ 200 ಗ್ರಾಂ ಆಸುಪಾಸು, 20000 ದ್ದು 350 ರಿಂದ 450 ಗ್ರಾಂ ಇರುತ್ತೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಒಳಗೆ ನಿಜವಾಗಿ 10000 ಇದ್ದು ಹೊರಗೆ 50000 ಅಂತ ಬರೆದಿರೋ ಪವರ್ ಬ್ಯಾಂಕನ್ನ ಏರ್‌ಪೋರ್ಟ್‌ಗೆ ಒಯ್ದರೆ, ಅಲ್ಲಿ ಬರೆದಿರೋದನ್ನೇ ನಂಬ್ತಾರೆ. ಲೆಕ್ಕ ಹಾಕಿದ್ರೆ 185, ಅಂದ್ರೆ ಹೊರಗೆ. ಚಾರ್ಜ್ 10000 ದ್ದು, ಶಿಕ್ಷೆ 50000 ದ್ದು!

ತೂಕ ಸರಿ ಇದ್ರೆ ಆಮೇಲೆ ಬಿಐಎಸ್ ಗುರುತು ನೋಡಿ. ಭಾರತದಲ್ಲಿ ಪವರ್ ಬ್ಯಾಂಕ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಗುರುತಿನ ಜೊತೆ R ನಿಂದ ಶುರುವಾಗೋ ಒಂದು ನಂಬರ್ ಇರುತ್ತೆ. ಅದನ್ನ `BIS Care` ಆ್ಯಪ್‌ನಲ್ಲಿ ಹಾಕಿದ್ರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟ ನಂಬರ್ ಅಂತ ಬರುತ್ತೆ. ನಂಬರ್ ನಿಜ ಇದ್ದು ಅದು ಬೇರೆ ಯಾವುದೋ ವಸ್ತುವಿನದ್ದಾಗಿರಬಹುದು, ಅದಕ್ಕೆ ಹೆಸರನ್ನೂ ಹೊಂದಿಸಿ ನೋಡಿ.

ಹಾಗಾದ್ರೆ ಯಾವುದು ತಗೊಳ್ಳೋದು?

ಟ್ರಿಪ್‌ನಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕಿದ್ರೆ ಸುಲಭ. ಹಂಪಿ ಟ್ರಿಪ್ ತಗೊಳ್ಳೋಣ. ರಾತ್ರಿ ರೈಲು ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು, ದಿನವಿಡೀ ಫೋಟೋ, ಮ್ಯಾಪ್ ಬಳಸಿ, ರಾತ್ರಿ ರೈಲಿಗೇ ವಾಪಸ್. ಒಬ್ಬರ ಫೋನ್‌ಗೆ ಮಧ್ಯದಲ್ಲಿ ಒಂದು ಫುಲ್ ಚಾರ್ಜ್ ಬೇಕು ಅಂದುಕೊಳ್ಳಿ. ಫೋನ್‌ನ 19.35 ನ್ನ 0.7 ರಿಂದ ಭಾಗಿಸಿದ್ರೆ ಸುಮಾರು 28 ವ್ಯಾಟ್-ಅವರ್. 37 ವ್ಯಾಟ್-ಅವರ್‌ನ 10000 ಎಂಎಎಚ್ ಸಾಕು, ಸ್ವಲ್ಪ ಉಳಿಯುತ್ತೆ ಕೂಡ.

ಅದೇ ಪವರ್ ಬ್ಯಾಂಕನ್ನ ಇಬ್ಬರು ಹಂಚಿಕೊಳ್ಳೋದಾದ್ರೆ, ಅಥವಾ ಒಬ್ಬರೇ ಪ್ಲಗ್ ಸಿಗದ ಕಡೆ ಎರಡು ದಿನ ಟ್ರೆಕ್ ಹೋಗೋದಾದ್ರೆ ಎರಡು ಫುಲ್ ಚಾರ್ಜ್, ಅಂದ್ರೆ 55 ವ್ಯಾಟ್-ಅವರ್ ಬೇಕು. ಆಗ 37 ಸಾಲಲ್ಲ, 74 ರದ್ದು ತಗೊಳ್ಳಿ. ವಿಮಾನಕ್ಕೂ ಅದು ಆರಾಮಾಗಿ ಹೋಗುತ್ತೆ. ಹಾಗಾಗಿ ನಮ್ಮಂಥ ಸ್ಟೂಡೆಂಟ್‌ಗಳಿಗೆ 10000 ಅಥವಾ 20000, ಇವೆರಡರಲ್ಲಿ ಒಂದು ಸಾಕು. 27000 ಬೇಕಾಗೋದು ಲ್ಯಾಪ್‌ಟಾಪ್ ಕೂಡ ಚಾರ್ಜ್ ಮಾಡಬೇಕು ಅನ್ನೋರಿಗೆ ಮಾತ್ರ.

ದೊಡ್ಡದು ತಗೊಳ್ಳೋ ಮುಂಚೆ ಅದನ್ನ ತುಂಬಿಸೋಕೆ ಎಷ್ಟು ಹೊತ್ತು ಅಂತಾನೂ ನೋಡಿ. 74 ವ್ಯಾಟ್-ಅವರ್ ತುಂಬೋಕೆ ನಷ್ಟ ಸೇರಿ ಸುಮಾರು 87 ಒಳಗೆ ಕಳಿಸಬೇಕು. ಇನ್‌ಪುಟ್ 18 ವ್ಯಾಟ್ ಇದ್ರೆ ಐದು ಗಂಟೆ ಹತ್ತಿರ. ಹಳೇ ಕಾಲದ 10 ವ್ಯಾಟ್ ಇನ್‌ಪುಟ್ ಆದ್ರೆ ಒಂಬತ್ತು ಗಂಟೆ ಹತ್ತಿರ. ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು, ರಾತ್ರಿ ಹನ್ನೊಂದಕ್ಕೆ ನೆನಪಾಯ್ತು ಅಂದ್ರೆ ಅದು ಮುಕ್ಕಾಲೂ ತುಂಬಿರಲ್ಲ.

ಮನೆಯಲ್ಲಿ ಹಳೇದು ಇದ್ರೆ ಅದನ್ನೇ ಒಯ್ಯಬಹುದಾ? ಮೊದಲು ಟೇಬಲ್ ಮೇಲೆ ಮಲಗಿಸಿ ನೋಡಿ. ಹೊಟ್ಟೆ ಉಬ್ಬಿ ಅಲುಗಾಡ್ತಾ ಇದ್ರೆ, ಕವರ್ ಬಾಯಿ ಬಿಟ್ಟಿದ್ರೆ, ಸುಮ್ಮನೆ ಇಟ್ಟಾಗಲೂ ಬಿಸಿ ಇದ್ರೆ ಒಳಗಿನ ಸೆಲ್ ಕೆಟ್ಟಿದೆ ಅಂತ ಅರ್ಥ. ಅದನ್ನ ವಿಮಾನಕ್ಕೆ ಇರಲಿ, ಹಾಸ್ಟೆಲ್ ರೂಮ್‌ನಲ್ಲೂ ಚಾರ್ಜ್‌ಗೆ ಹಾಕಬೇಡಿ. ಚುಚ್ಚಿ ನೋಡೋದು, ಕಸದ ಬುಟ್ಟಿಗೆ ಎಸೆಯೋದು ಎರಡೂ ಬೇಡ, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ.

ನಮ್ಮ ರೂಮ್‌ಮೇಟ್‌ಗೆ ಅವನ ಪವರ್ ಬ್ಯಾಂಕ್ ಸುರಕ್ಷಿತವಾಗಿ ವಾಪಸ್ ಕೊಟ್ವಿ. ನಾವೂ ಒಂದು 20000 ಎಂಎಎಚ್‌ನದ್ದು ತಗೊಂಡ್ವಿ, 74 ವ್ಯಾಟ್-ಅವರ್ ಅಂತ ಹಿಂದೆ ಸ್ಪಷ್ಟವಾಗಿ ಅಚ್ಚಾಗಿದೆ. ಡಬ್ಬ ಬಿಚ್ಚಿದ ತಕ್ಷಣ ಮಾಡಿದ ಮೊದಲ ಕೆಲಸ ಚಾರ್ಜ್‌ಗೆ ಹಾಕೋದಲ್ಲ. ಆ ಸಣ್ಣ ಅಕ್ಷರಗಳ ಮೇಲೆ ಒಂದು ಪಾರದರ್ಶಕ ಸೆಲ್ಲೋ ಟೇಪ್ ಅಂಟಿಸಿದ್ವಿ. ಎರಡು ರೂಪಾಯಿಯ ಟೇಪ್ ಅವತ್ತು ಇದ್ದಿದ್ರೆ ಬಸ್ಸಿನಲ್ಲಿ ಚಿಲ್ಲರೆ ಎಣಿಸೋ ಕೆಲಸ ತಪ್ಪುತ್ತಿತ್ತು.